ತಕ್ಕಡಿ ಡೀಲರ್‌ಗೆ ಬರೆದ ಮೊದಲ ಮೇಲ್: ರೆಫರಲ್ ಬಗ್ಗೆ ನನ್ನ ಟಿಪ್ಪಣಿ

ನಮ್ಮದು ಮೈಸೂರಿನ ನಾಲ್ಕೇ ಜನರ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿ. ಮಂಡ್ಯದ ಬೆಲ್ಲದ ಮಂಡಿಗಳಿಗೆ ಸಾಫ್ಟ್‌ವೇರ್ ಮಾರಬೇಕಿತ್ತು, ಆದರೆ ಅಲ್ಲಿ ಇಬ್ಬರು ಗಿರಾಕಿಗಳನ್ನು ಬಿಟ್ಟರೆ ನಮ್ಮನ್ನು ಯಾರೂ ಅರಿಯರು. ಹಾಗಾಗಿ ನಿಮ್ಮ ಗಿರಾಕಿಗಳಿಗೆ ನಮ್ಮನ್ನು ಪರಿಚಯ ಮಾಡಿಸಿ, ಕಮಿಷನ್ ಕೊಡುತ್ತೇವೆ ಅಂತ ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿ ಡೀಲರ್ ಒಬ್ಬರಿಗೆ ಮೇಲ್ ಬರೆಯುವ ಕೆಲಸ ನನ್ನ ತಲೆಗೆ ಬಂತು.

ತಕ್ಕಡಿಯವರೇ ಯಾಕೆ? ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸ್ಟಾಂಪಿಂಗ್ ಆಗಲೇಬೇಕು. ಅದಕ್ಕೆ ಮುಂಚೆ ತಕ್ಕಡಿ ಸರಿ ಮಾಡಿಸಲು ಮಂಡಿಯವರು ಇವರನ್ನೇ ಕರೆಯುತ್ತಾರೆ. ಅಂದರೆ ವರ್ಷಕ್ಕೆ ಒಂದು ಸಲವಾದರೂ ಇವರು ಗಲ್ಲಾದ ಪಕ್ಕ ನಿಂತು ಮಾಲೀಕರ ಜೊತೆ ಮಾತಾಡುತ್ತಾರೆ, ಮತ್ತು ತೂಕವನ್ನು ಕೈಯಲ್ಲಿ ಚೀಟಿಗೆ ಬರೆದು ಆಮೇಲೆ ಬಿಲ್ ಮಾಡುವ ಕಷ್ಟ ಇವರ ಕಣ್ಣೆದುರೇ ನಡೆಯುತ್ತದೆ. ಇಬ್ಬರಿಗೂ ಗಿರಾಕಿ ಒಬ್ಬರೇ, ಮಾರುವ ಸಾಮಾನು ಬೇರೆ.

ನನ್ನ ಮೊದಲ ಮೇಲ್‌ನಲ್ಲಿ ಕಂಪನಿಯ ಕಥೆ ಎರಡು ಪ್ಯಾರಾ ಇತ್ತು, ಕೊನೆಗೆ 'ಆಕರ್ಷಕ ಕಮಿಷನ್' ಅಂತ ಇತ್ತು. ಉತ್ತರವೇ ಬರಲಿಲ್ಲ. ನಮ್ಮ ಮಾಲೀಕರು ಓದಿ ಒಂದೇ ಮಾತು ಕೇಳಿದರು: 'ಸಾಫ್ಟ್‌ವೇರ್ ಕೆಟ್ಟರೆ ಗಿರಾಕಿ ಯಾರಿಗೆ ಬೈತಾನಪ್ಪ?' ಪರಿಚಯ ಮಾಡಿಸಿದವರಿಗೇ ಅಲ್ವಾ. ಅವರು ವರ್ಷಗಟ್ಟಲೆ ಉಳಿಸಿಕೊಂಡ ನಂಟನ್ನು ನಮ್ಮ ಕೈಗೆ ಕೊಡುತ್ತಿದ್ದಾರೆ. ಆ ಭಯಕ್ಕೆ ಮೇಲ್‌ನಲ್ಲೇ ಉತ್ತರ ಇರಬೇಕು, ದುಡ್ಡಿನ ಮಾತು ಆಮೇಲೆ.

ಎರಡನೇ ಸಲ ಬರೆದದ್ದು ಹೀಗೆ. ವಿಷಯದ ಸಾಲು: 'ಬೆಲ್ಲದ ಮಂಡಿಗಳಲ್ಲಿ ತಕ್ಕಡಿ ಮತ್ತು ಬಿಲ್ಲಿಂಗ್: 20 ನಿಮಿಷ ಮಾತಾಡಬಹುದಾ?'

> ನಮಸ್ಕಾರ ಸರ್,
>
> ಮಂಡ್ಯದಲ್ಲಿ ನಮ್ಮ ಬಿಲ್ಲಿಂಗ್ ಬಳಸುವ ಇಬ್ಬರು ಮಂಡಿಯವರ ತಕ್ಕಡಿ ನಿಮ್ಮದೇ. ತೂಕ ತಕ್ಕಡಿಯಿಂದ ನೇರ ಬಿಲ್‌ಗೆ ಬರುತ್ತಿದೆ. ನಿಮ್ಮ ಹೆಸರು ಹೇಳಿದ್ದೂ ಅವರೇ.
>
> ಇಂಥದ್ದು ಬೇಕು ಅನ್ನುವ ಗಿರಾಕಿ ನಿಮಗೆ ಸಿಕ್ಕರೆ ನಮಗೆ ಪರಿಚಯ ಮಾಡಿಸಿ. ಡೆಮೊ, ಬಿಲ್, ಸರ್ವಿಸ್ ಎಲ್ಲಾ ನಮ್ಮದು. ದೂರು ಬಂದರೆ ನಮ್ಮ ನಂಬರ್ ಕೊಡಿ, ಅದೇ ದಿನ ನಾವು ಮಾತಾಡುತ್ತೇವೆ, ಏನಾಯಿತು ಅಂತ ನಿಮಗೂ ತಿಳಿಸುತ್ತೇವೆ. ನಿಮ್ಮ ಗಿರಾಕಿಗೆ ನಾವು ತಕ್ಕಡಿ ಮಾರುವುದಿಲ್ಲ. ಹೊಸ ತಕ್ಕಡಿ ಕೇಳಿದ ನಮ್ಮ ಗಿರಾಕಿಗಳನ್ನು ನಿಮ್ಮ ಹತ್ತಿರ ಕಳಿಸುತ್ತೇವೆ.
>
> ಮೊದಲ ವರ್ಷದ ಬೆಲೆ 12,000 ರೂಪಾಯಿ. ಗಿರಾಕಿಯ ಹಣ ನಮಗೆ ಬಂದ 15 ದಿನದೊಳಗೆ ಅದರ 15%, ಅಂದರೆ 1,800 ರೂಪಾಯಿ ನಿಮಗೆ. ಮೊದಲು ಮೂವರು ಗಿರಾಕಿಗಳಲ್ಲಿ ನೋಡೋಣ. ಸರಿ ಬರದಿದ್ದರೆ ಅಲ್ಲಿಗೇ ನಿಲ್ಲಿಸೋಣ.
>
> ಬರುವ ಮಂಗಳವಾರ ಅಥವಾ ಬುಧವಾರ ನಿಮ್ಮ ಅಂಗಡಿಗೇ ಬರಲಾ?

ಆ ಇಬ್ಬರು ಮಂಡಿಯವರನ್ನು ಮೊದಲೇ ಕೇಳಿಕೊಂಡಿದ್ದೆ. ಆದರೂ ಹೆಸರು ಬರೆಯಲಿಲ್ಲ, ಎದುರಿಗೆ ಸಿಕ್ಕಾಗ ಹೇಳಿದರಾಯಿತು. ಗಿರಾಕಿಗಳ ಪಟ್ಟಿಯನ್ನು ಮೊದಲ ಮೇಲ್‌ಗೇ ಲಗತ್ತಿಸುವವರಿದ್ದಾರೆ, ದಯವಿಟ್ಟು ಬೇಡ. ಅವರ ಒಪ್ಪಿಗೆ ಇಲ್ಲದೆ ಫೋನ್ ನಂಬರ್ ಹಂಚುವುದು ತಪ್ಪು. ಅದೂ ಅಲ್ಲದೆ, ನಮ್ಮ ಪಟ್ಟಿ ಹೀಗೆ ಬಂತು ಅಂದರೆ ತಮ್ಮ ಪಟ್ಟಿಯೂ ಹೀಗೇ ಹೋಗುತ್ತದೆ ಅಂತ ಓದುವವರು ಲೆಕ್ಕ ಹಾಕುತ್ತಾರೆ.

1,800 ಅಂತ ರೂಪಾಯಿಯಲ್ಲೇ ಬರೆಯಲು ಕಾರಣ ಇದೆ. ಗಿರಾಕಿ ಕೊಡುವುದು 18% ಜಿಎಸ್‌ಟಿ ಸೇರಿ 14,160. ಬರೀ '15%' ಅಂತ ಬರೆದರೆ ಅವರು 14,160ಕ್ಕೆ ಲೆಕ್ಕ ಹಾಕಿ 2,124 ಬರುತ್ತೆ ಅಂದುಕೊಳ್ಳುತ್ತಾರೆ. 324 ರೂಪಾಯಿ ದೊಡ್ಡದಲ್ಲ, ಆದರೆ ಮೊದಲನೇ ಪೇಮೆಂಟ್‌ನಲ್ಲೇ 'ಕಡಿಮೆ ಕೊಟ್ರು' ಅನ್ನಿಸಿದರೆ ನಾಲ್ಕನೇ ಗಿರಾಕಿ ಬರುವುದಿಲ್ಲ. 'ಹಣ ಬಂದ ಮೇಲೆ' ಅನ್ನುವುದೂ ಅಷ್ಟೇ ಮುಖ್ಯ. ಆರ್ಡರ್ ಆದ ತಕ್ಷಣ ಕೊಟ್ಟು, ಆಮೇಲೆ ಗಿರಾಕಿ ಹಿಂದೆ ಸರಿದರೆ ಕೊಟ್ಟದ್ದನ್ನು ವಾಪಸ್ ಕೇಳಬೇಕಾಗುತ್ತದೆ, ಅದು ಯಾರಿಗೂ ಬೇಡದ ಫೋನ್ ಕರೆ.

ಎರಡನೇ ವರ್ಷದ ಹಣದಲ್ಲಿ ಪಾಲು ಇದೆಯಾ, ಟಿಡಿಎಸ್ ಹೇಗೆ, ಇವೆಲ್ಲ ಭೇಟಿಗೆ ಇಟ್ಟುಕೊಂಡೆ. ಒಂದನ್ನು ಮಾತ್ರ ಮೇಲ್‌ನಲ್ಲೇ ಹಾಕಬೇಕಿತ್ತೇನೋ ಅಂತ ಈಗ ಅನ್ನಿಸುತ್ತದೆ: ಅವರು ಹೇಳಿದ ಗಿರಾಕಿಯ ಜೊತೆ ನಾವು ಮೊದಲೇ ಮಾತಾಡುತ್ತಿದ್ದರೆ ಏನು? ಭೇಟಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಇದು. ಅಲ್ಲೇ ಕೂತು ಒಪ್ಪಿಕೊಂಡೆವು. ಅವರು ಗಿರಾಕಿಯ ಒಪ್ಪಿಗೆ ಕೇಳಿ ಹೆಸರು ವಾಟ್ಸಾಪ್ ಮಾಡಬೇಕು. ಹಿಂದಿನ 90 ದಿನದಲ್ಲಿ ನಾವು ಡೆಮೊ ಕೊಟ್ಟಿದ್ದರೆ ಒಂದೇ ದಿನದಲ್ಲಿ ತಾರೀಕಿನ ಸಮೇತ ಹೇಳಬೇಕು. ಹೇಳದಿದ್ದರೆ ಆ ಗಿರಾಕಿ ಅವರ ಲೆಕ್ಕ. ಆರು ತಿಂಗಳೊಳಗೆ ವ್ಯಾಪಾರ ಆದರೆ ಕಮಿಷನ್.

ಅಂದ ಹಾಗೆ, ಎರಡನೇ ಮೇಲ್‌ಗೆ ಬಂದ ಉತ್ತರ ಒಂದೇ ಸಾಲು: 'ಮಂಗಳವಾರ ಸ್ಟಾಂಪಿಂಗ್ ಇದೆ, ಬುಧವಾರ ಮಧ್ಯಾಹ್ನದ ಮೇಲೆ ಬನ್ನಿ, ತಕ್ಕಡಿಗೆ ಹಾಕೋ ಕೇಬಲ್ ತನ್ನಿ, ನೋಡೋಣ.'