50,000 ಡಾಲರ್ ಖಾತೆಯಲ್ಲಿ ನಿಜವಾಗಿ ಇರುವುದೆಷ್ಟು?

ಪರಿಚಯದ ಹುಡುಗನೊಬ್ಬ ಫೀಸು ಕಟ್ಟಿ ಫಂಡೆಡ್ ಅಕೌಂಟ್ ಚಾಲೆಂಜ್ ತಗೊಂಡಿದ್ದ. ಪಾಸಾದರೆ ಕಂಪನಿಯ ಖಾತೆಯಲ್ಲಿ ಟ್ರೇಡ್ ಮಾಡಿ ಲಾಭದಲ್ಲಿ ಪಾಲು ಪಡೆಯುವ ಪರೀಕ್ಷೆ ಅದು. ಖಾತೆ 50,000 ಡಾಲರ್‌ನದು. 3,000 ಲಾಭ ಮಾಡಿದರೆ ಪಾಸು, 2,500 ಕಳೆದುಕೊಂಡರೆ ಔಟ್. ಮೊದಲ ದಿನವೇ ಒಂದು ಟ್ರೇಡ್ 1,200 ಡಾಲರ್ ಲಾಭ ತೋರಿಸಿತು. ಇನ್ನೂ ಬರಲಿ ಅಂತ ಕಾದ. ಬೆಲೆ ತಿರುಗಿತು. ಕೊನೆಗೆ 200 ಡಾಲರ್ ಲಾಭಕ್ಕೆ ಮುಗಿಸಿ, ಖುಷಿಯಾಗಿಯೇ ನನಗೆ ಸ್ಕ್ರೀನ್ ತೋರಿಸಿದ.

ನಾನು ನೋಡಿದ್ದು ಇನ್ನೊಂದು ಅಂಕಿ. ಖಾತೆ ಮುಟ್ಟಿದರೆ ಔಟ್ ಆಗುವ, ಬೆಳಗ್ಗೆ 47,500ರಲ್ಲಿದ್ದ ನಷ್ಟದ ಗೆರೆ ಈಗ 48,700ಕ್ಕೆ ಏರಿತ್ತು. ಕೈಗೆ ಬಾರದ ಆ 1,200ನ್ನೂ ಲೆಕ್ಕಕ್ಕೆ ಹಿಡಿದು ಗೆರೆ ಮೇಲೆ ಹೋಗಿತ್ತು, ಕೆಳಗೆ ಇಳಿಯಲಿಲ್ಲ. ಖಾತೆಯಲ್ಲಿ 50,200 ಇದೆ, ಗೆರೆ 48,700ರಲ್ಲಿದೆ. ಅಂದರೆ ಉಳಿದದ್ದು 1,500 ಮಾತ್ರ. ‘ಲಾಭ ಮಾಡಿದೀನಿ, ಆದ್ರೂ ಯಾಕೆ ಕಮ್ಮಿ ಆಯ್ತು?’ ಅಂದ. ಮೂರನೇ ದಿನ ಖಾತೆ ಮುಚ್ಚಿತು.

ಇದಕ್ಕೆ ಟ್ರೇಲಿಂಗ್ ಡ್ರಾಡೌನ್ ಅಂತಾರೆ. ಈ ಗೆರೆ ಎಲ್ಲಿಂದ ಬಂತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಷಿಕಾಗೋದ ವಾಯಿದಾ ಮಾರುಕಟ್ಟೆಯ ಪಿಟ್‌ಗಳಲ್ಲಿ ನಿಂತು ಕೂಗಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲೂ ದುಡ್ಡಿದ್ದವರು ಚುರುಕು ಹುಡುಗರ ಹಿಂದೆ ಬಂಡವಾಳ ಹಾಕಿ ಲಾಭ ಹಂಚಿಕೊಳ್ಳುತ್ತಿದ್ದರು. ವ್ಯಾಪಾರ ಕಂಪ್ಯೂಟರಿಗೆ ಬಂತು. ಷಿಕಾಗೋದ ಟಾಪ್‌ಸ್ಟೆಪ್, ಆಮೇಲೆ ಪ್ರಾಗ್ ನಗರದ ಎಫ್‌ಟಿಎಂಒ ಕಂಪನಿಗಳು ಇಂಥ ಹುಡುಗರ ಆಯ್ಕೆಯನ್ನು ಫೀಸು ಕಟ್ಟುವ ಆನ್‌ಲೈನ್ ಪರೀಕ್ಷೆಯಾಗಿ ಮಾಡಿದವು. ಕೋವಿಡ್ ಲಾಕ್‌ಡೌನ್‌ನಲ್ಲಿ ಇಂಥ ಕಂಪನಿಗಳು ಸಾಲುಸಾಲಾಗಿ ಹುಟ್ಟಿಕೊಂಡವು.

ಈ ನಡುವೆ ಒಂದು ದೊಡ್ಡ ಬದಲಾವಣೆ ಆಯಿತು. ಮೊದಲು ನಷ್ಟದ ಮಿತಿ ಕಾಯುತ್ತಿದ್ದದ್ದು ಬಂಡವಾಳ ಹಾಕಿದವನ ನಿಜವಾದ ದುಡ್ಡನ್ನು. ಈಗ ಬಹಳ ಕಂಪನಿಗಳಲ್ಲಿ ಪಾಸಾದ ಮೇಲೆ ಸಿಗುವ ‘ಫಂಡೆಡ್’ ಖಾತೆಯೂ ನಿಜ ದುಡ್ಡಿಲ್ಲದ ಡೆಮೊ ಖಾತೆಯೇ. ಟ್ರೇಡ್ ಮಾರುಕಟ್ಟೆಗೆ ಹೋಗಲೇಬೇಕು ಅಂತಿಲ್ಲ. ಗೆದ್ದವರ ಟ್ರೇಡನ್ನು ಕೆಲವು ಕಂಪನಿಗಳು ನಿಜ ಮಾರುಕಟ್ಟೆಯಲ್ಲಿ ನಕಲು ಮಾಡುವುದುಂಟು. ಉಳಿದಂತೆ ಗೆದ್ದವರಿಗೆ ಕೊಡುವ ದುಡ್ಡು ಸೋತವರ ಫೀಸಿನಿಂದಲೇ ಬರಬೇಕು, ಅಲ್ವಾ?

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಊಹೆಯವು. ನೂರು ಜನ ತಲಾ 500 ಡಾಲರ್ ಕಟ್ಟಿದರೆ 50,000 ಆಯಿತು. ಅದರಲ್ಲಿ ಹತ್ತು ಜನ ಪೇಔಟ್‌ವರೆಗೆ ಮುಟ್ಟಿ ತಲಾ 2,000 ತಗೊಂಡರೆ 20,000. ಅವರ ಫೀಸು ವಾಪಸ್ ಕೊಟ್ಟರೆ ಇನ್ನೊಂದು 5,000. ಜಾಹೀರಾತಿನ ಖರ್ಚು ಬಿಟ್ಟರೆ 25,000 ಉಳಿಯಿತು. ಹತ್ತರ ಬದಲು ಇಪ್ಪತ್ತು ಜನ ಗೆದ್ದರೆ? ಒಂದು ಪೈಸೆಯೂ ಉಳಿಯದು.

ಹಾಗಾಗಿ ಗೆರೆ ಹೇಗೆ ಚಲಿಸುತ್ತೆ ಅನ್ನೋದೇ ಇಡೀ ವ್ಯವಹಾರ. ಯಾವ ಜಾಣ್ಮೆಯೂ ಇಲ್ಲದೆ, ನಾಣ್ಯ ಚಿಮ್ಮಿದಂತೆ ಟ್ರೇಡ್ ಮಾಡುವವನನ್ನೇ ತಗೊಳ್ಳಿ. ಆ ಹುಡುಗನ ಖಾತೆಯಲ್ಲಿ ಗೆರೆ 47,500ರಲ್ಲೇ ನಿಂತಿದ್ದರೆ ನೂರಕ್ಕೆ ಸುಮಾರು 45 ಜನ ಪಾಸಾಗುತ್ತಾರೆ. ಗೆರೆ ಬೆನ್ನಟ್ಟಿ ಬಂದರೆ ಅದು 30ಕ್ಕೆ ಇಳಿಯುತ್ತದೆ. ಕಮಿಷನ್ ಇನ್ನೂ ಸೇರಿಸಿಲ್ಲ. ಗುರಿ ಅದೇ, ಮಿತಿಯ ಅಂಕಿಯೂ ಅದೇ. ಬದಲಾದದ್ದು ಒಂದೇ ಒಂದು ಷರತ್ತು.

ದಿನದ ನಷ್ಟದ ಮಿತಿಯಲ್ಲೂ ಇಂಥದ್ದೇ ಕಥೆ. 1,00,000 ಡಾಲರ್ ಖಾತೆಗೆ ದಿನಕ್ಕೆ 5,000 ಮಿತಿ ಅಂದುಕೊಳ್ಳಿ. ರಾತ್ರಿ ಇನ್ನೂ ಮುಗಿಸದ ಟ್ರೇಡಿನಲ್ಲಿ 4,000 ಲಾಭ ಇದೆ. ಮುಗಿಸಿದ ಟ್ರೇಡುಗಳ ಲೆಕ್ಕವನ್ನಷ್ಟೇ ಹಿಡಿಯುವ ಕಂಪನಿಯಲ್ಲಿ ನಾಳೆಯ ಗೆರೆ 95,000. ತೆರೆದ ಲಾಭವನ್ನೂ ಸೇರಿಸುವ ಕಂಪನಿಯಲ್ಲಿ 99,000. ಅಂದರೆ ಸ್ವಂತ ಲಾಭ ಕರಗಿ 1,000 ಕಮ್ಮಿಯಾದರೂ ಔಟ್. ದಿನ ಯಾವಾಗ ಬದಲಾಗುತ್ತೆ ಅನ್ನೋದನ್ನೂ ನೋಡಬೇಕು. ಕಂಪನಿಯ ದಿನ ಪ್ರಾಗ್‌ನ ಮಧ್ಯರಾತ್ರಿಗೆ ಬದಲಾಗುವುದಾದರೆ ನಮ್ಮಲ್ಲಿ ಅದು ಚಳಿಗಾಲದಲ್ಲಿ ಬೆಳಗಿನ ಜಾವ 4.30, ಬೇಸಿಗೆಯಲ್ಲಿ 3.30.

2023ರ ಆಗಸ್ಟ್‌ನಲ್ಲಿ ಈ ವ್ಯವಹಾರ ಕೋರ್ಟ್ ಮೆಟ್ಟಿಲೇರಿತು. ಇಂಥದ್ದೇ ಕಂಪನಿಯಾದ ಮೈ ಫಾರೆಕ್ಸ್ ಫಂಡ್ಸ್ 1,35,000ಕ್ಕೂ ಹೆಚ್ಚು ಗ್ರಾಹಕರಿಂದ ಕನಿಷ್ಠ 31 ಕೋಟಿ ಡಾಲರ್ ಫೀಸು ಪಡೆದು ವಂಚಿಸಿದೆ ಅಂತ ಅಮೆರಿಕದ ನಿಯಂತ್ರಣ ಸಂಸ್ಥೆ ಸಿಎಫ್‌ಟಿಸಿ ಆರೋಪಿಸಿತು. ಆದರೆ 2025ರ ಮೇನಲ್ಲಿ ಕೋರ್ಟ್ ಆ ಸಂಸ್ಥೆಯ ನಡವಳಿಕೆಯನ್ನೇ ಖಂಡಿಸಿ ಕೇಸನ್ನು ವಜಾ ಮಾಡಿತು. ಡೆಮೊ ಖಾತೆಯ ಫೀಸಿನಿಂದ ಪೇಔಟ್ ಕೊಡುವುದು ಸರಿಯೇ ಅನ್ನುವ ಮೂಲ ಪ್ರಶ್ನೆಗೆ ತೀರ್ಪೇ ಬರಲಿಲ್ಲ. ನನಗೆ ಬೇಸರ ತಂದದ್ದು ಇದೇ. ಇದರ ನಡುವೆ 2024ರ ಫೆಬ್ರವರಿಯಲ್ಲಿ ಟ್ರೇಡ್ ಮಾಡಲು ಬಳಸುವ ಮೆಟಾಟ್ರೇಡರ್ ಸಾಫ್ಟ್‌ವೇರ್ ಕೈತಪ್ಪಿ ಹಲವು ಕಂಪನಿಗಳು ಕೆಲಸ ನಿಲ್ಲಿಸಿದವು.

ನಮ್ಮ ದೇಶದಲ್ಲಿ ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಫಾರೆಕ್ಸ್, ಅಂದರೆ ವಿದೇಶಿ ಕರೆನ್ಸಿ ವ್ಯವಹಾರಕ್ಕೆ ಅಧಿಕೃತ ಸಂಸ್ಥೆ, ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ಗಳೇ ದಾರಿ. ಅನುಮತಿಯಿಲ್ಲದ ಪ್ಲಾಟ್‌ಫಾರ್ಮ್‌ಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ‘ಇದು ಟ್ರೇಡಿಂಗ್ ಅಲ್ಲ, ಡೆಮೊ ಸೇವೆಗೆ ಫೀಸು’ ಅಂತ ಕಂಪನಿಗಳು ಷರತ್ತಿನಲ್ಲಿ ಬರೆದುಕೊಂಡಿರುತ್ತವೆ. ಪೇಔಟ್ ನಿಂತಾಗ ಆ ಸಾಲನ್ನೇ ನಮ್ಮ ಮುಂದೆ ಹಿಡಿಯುತ್ತಾರೆ. ಆ ಹುಡುಗ ಖಾತೆ ಮುಚ್ಚಿದ ಮೇಲೆಯೇ ಅದನ್ನು ಓದಿದ್ದು.