ಸೋಪು ನೀರು ಹಾಕಿದ ಮೇಲೆ ಐದು ನಿಮಿಷ ಕಾಯಿರಿ

ಸಕಲೇಶಪುರದ ನನ್ನ ಟೈರ್ ಅಂಗಡಿಗೆ ಬರುವವರಲ್ಲಿ ಒಂದೇ ಚಕ್ರಕ್ಕೆ ವಾರ ವಾರ ಗಾಳಿ ಹೊಡೆಸಿಕೊಂಡು ಓಡಾಡುವವರು ಬಹಳ ಜನ. "ಮನೆಯಲ್ಲೇ ಸೋಪು ನೀರು ಹಾಕಿ ನೋಡಿದೆ, ಎಲ್ಲೂ ಗುಳ್ಳೆ ಬರಲಿಲ್ಲ" ಅನ್ನುತ್ತಾರೆ. ಎಷ್ಟು ಹೊತ್ತು ನೋಡಿದಿರಿ ಅಂತ ಕೇಳಿದರೆ ನೀರು ಸುರಿದಷ್ಟೇ ಹೊತ್ತು. ಅಷ್ಟರಲ್ಲಿ ಕಾಣುವುದು ದೊಡ್ಡ ಮೊಳೆಯ ತೂತು ಮಾತ್ರ. ಅದಕ್ಕೆ ಸೋಪು ನೀರೇ ಬೇಕಾಗಿಲ್ಲ, ಬೆಳಗಾಗುವಷ್ಟರಲ್ಲಿ ಟೈರ್ ನೆಲಕ್ಕೆ ಕೂತಿರುತ್ತದೆ.

ಯಾಕೆ ಕಾಯಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಚಿಕ್ಕ ಕಾರಿನ ಟೈರಿನೊಳಗಿನ ಜಾಗ ಸುಮಾರು 25ರಿಂದ 30 ಲೀಟರ್. ವಾರಕ್ಕೆ 7 ಪಿಎಸ್‌ಐ ಇಳಿಯುತ್ತಿದೆ ಅಂದರೆ ಹೊರಗೆ ಬರುವ ಗಾಳಿ ಸುಮಾರು 13 ಲೀಟರ್. ಅದನ್ನು ಏಳು ದಿನದ ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಒಂದು ಮಿಲಿಲೀಟರಿಗಿಂತ ತುಸು ಜಾಸ್ತಿ. ಒಂದು ಟೀ ಚಮಚ ತುಂಬಲು ನಾಲ್ಕು ನಿಮಿಷ ಬೇಕು. ಇಷ್ಟು ಸಣ್ಣ ಸೋರಿಕೆ ದೊಡ್ಡ ಗುಳ್ಳೆ ಎಬ್ಬಿಸುವುದಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಮೇಲೊಂದು ಕೂತು ಬಿಳಿ ನೊರೆಯ ಗೆರೆ ಆಗುತ್ತದೆ, ಅದೂ ನಿಧಾನಕ್ಕೆ. ನೀವು ಹುಡುಕಬೇಕಾದ್ದು ಆ ನೊರೆಯನ್ನು.

ಹಾಗಾಗಿ ನೀರು ಕಲಸುವಾಗಲೇ ನೊರೆ ಎಬ್ಬಿಸಬೇಡಿ. ಕಾಲು ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸಿ. ಇಲ್ಲದಿದ್ದರೆ ಯಾವುದು ಸೋರಿಕೆಯ ನೊರೆ, ಯಾವುದು ನಿಮ್ಮ ಕೈಯ ನೊರೆ ಅಂತ ಗೊತ್ತಾಗುವುದಿಲ್ಲ. ಟೈರಿಗೆ ಮೊದಲು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರುವಷ್ಟು ಗಾಳಿ ತುಂಬಿಸಿ. ಅರ್ಧ ಇಳಿದ ಟೈರಿನಲ್ಲಿ ಸೋರಿಕೆ ಇನ್ನೂ ಮಂಕಾಗುತ್ತದೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ದಯವಿಟ್ಟು ನುಗ್ಗಬೇಡಿ.

ಹಾಂ, ಎಲ್ಲ ನಾಲ್ಕು ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿದರೆ ಹುಡುಕುವ ಕೆಲಸವೇ ಬೇಡ. ಅದು ರಬ್ಬರಿನ ಸಹಜ ಗುಣ. ಒಂದೇ ಚಕ್ರ ಬೇರೆಯವುಗಳಿಗಿಂತ ಬೇಗ ಇಳಿದರೆ ಅಲ್ಲಿ ಏನೋ ಇದೆ.

ವಾಲ್ವಿನಿಂದ ಶುರು ಮಾಡಿ, ಅದು ಸುಲಭ. ಕ್ಯಾಪ್ ತೆಗೆದು ಬಾಯಿಗೆ ಒಂದು ಹನಿ ಸೋಪು ನೀರು ಬಿಡಿ. ಅಲ್ಲಿ ಗುಳ್ಳೆ ಉಬ್ಬಿದರೆ ಒಳಗಿನ ಪಿನ್ ಸಡಿಲ ಅಥವಾ ಕೊಳಕು ಸೇರಿದೆ. ಬಿಗಿ ಮಾಡಿದರೆ ಇಲ್ಲವೇ ಬದಲಿಸಿದರೆ ಆಯಿತು. ಆಮೇಲೆ ವಾಲ್ವಿನ ಬುಡಕ್ಕೆ, ಅಂದರೆ ರಿಮ್ಮಿನ ತೂತಿನಿಂದ ರಬ್ಬರ್ ಹೊರಬರುವ ಜಾಗಕ್ಕೆ, ನೀರು ಹಾಕಿ ಕಾಂಡವನ್ನು ಬೆರಳಿನಿಂದ ಆ ಕಡೆ ಈ ಕಡೆ ಮೆಲ್ಲಗೆ ಬಗ್ಗಿಸಿ. ಸುಮ್ನೆ ನಿಂತಾಗ ಸೋರದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಅದಕ್ಕೆ ಹೊಸ ವಾಲ್ವೇ ಬೇಕು, ಟೈರನ್ನು ರಿಮ್ಮಿನಿಂದ ಇಳಿಸಬೇಕು.

ಮಲೆನಾಡಿನಲ್ಲಿ ನಾನು ಜಾಸ್ತಿ ನೋಡುವುದು ಬೀಡ್ ಸೋರಿಕೆ. ರಿಮ್ಮಿನ ಅಂಚಿಗೆ ಟೈರ್ ಕಚ್ಚಿ ಕೂರುವ ದಪ್ಪ ಅಂಚೇ ಬೀಡ್. ನಮ್ಮ ಕಡೆ ತಿಂಗಳುಗಟ್ಟಲೆ ಮಳೆ, ತೋಟದ ರಸ್ತೆಯ ಕೆಸರು. ಕಬ್ಬಿಣದ ರಿಮ್ ಆದರೆ ಅಲ್ಲಿ ತುಕ್ಕು ಹಿಡಿದು ಪದರ ಏಳುತ್ತದೆ. ಅಲಾಯ್ ಆದರೆ ಬಿಳಿ ಪುಡಿಯ ಹಾಗೆ ಉಬ್ಬುತ್ತದೆ. ಆ ಒರಟಿನ ಮೇಲೆ ರಬ್ಬರ್ ಪೂರ್ತಿ ಕೂರುವುದಿಲ್ಲ. ಇದರ ಗುರುತು ಏನೆಂದರೆ ನೊರೆ ಒಂದು ಬಿಂದುವಿನಲ್ಲಿ ಬರುವುದು ಕಡಿಮೆ. ರಬ್ಬರ್ ಮತ್ತು ಲೋಹ ಸೇರುವ ಸಂದಿಯಲ್ಲಿ ಎರಡು ಮೂರು ಅಂಗುಲ ಉದ್ದಕ್ಕೆ ಸಾಲಾಗಿ ಏಳುತ್ತದೆ. ಆ ಸಂದಿಯ ಸುತ್ತ ನೀರು ತುಂಬಿ ನಿಲ್ಲುವ ಹಾಗೆ ಹಾಕಿ, ಕಾಯಿರಿ, ಒಣಗಿದರೆ ಮತ್ತೆ ಹಾಕಿ.

ನೊರೆ ವಾಲ್ವಿನ ಹತ್ತಿರವೇ ಬಂದರೆ ಜನ ಗೊಂದಲಕ್ಕೆ ಬೀಳುತ್ತಾರೆ. ಬಟ್ಟೆಯಿಂದ ಒರೆಸಿ ಒಣಗಿಸಿ. ಮೊದಲು ಬುಡಕ್ಕೆ ಮಾತ್ರ ಬೆರಳ ತುದಿಯಿಂದ ಹನಿ ಬಿಡಿ, ನಂತರ ಸಂದಿಗೆ ಮಾತ್ರ. ಎಲ್ಲಿ ಮೊದಲು ನೊರೆ ಏಳುತ್ತದೋ ಅದೇ ಜಾಗ.

ಇನ್ನೊಂದು, ಬೀಡ್ ಎರಡು ಕಡೆ ಇದೆ. ಹೊರಗಡೆ ಕಾಣುವುದನ್ನು ಮಾತ್ರ ನೋಡಿ ಬಿಡುತ್ತಾರೆ. ಇತ್ತೀಚೆಗೆ ಒಬ್ಬ ಮೇಷ್ಟ್ರು ಬಂದಿದ್ದರು. ಹಿಂದಿನ ಎಡ ಚಕ್ರ, ವಾರಕ್ಕೆ 33ರಿಂದ 26ಕ್ಕೆ ಇಳಿಯುತ್ತಿತ್ತು. ಬೇರೊಂದು ಕಡೆ ಚಕ್ರ ಬಿಚ್ಚಿ ತೊಟ್ಟಿ ನೀರಿನಲ್ಲಿ ಮುಳುಗಿಸಿ ಏನೂ ಇಲ್ಲ ಎಂದಿದ್ದರಂತೆ. ಅದು ಸುಳ್ಳೇನೂ ಅಲ್ಲ. ಗಾಡಿಯ ಭಾರ ಇದ್ದಾಗ ಸೋರುವ ಬೀಡ್, ಭಾರ ಇಳಿದಾಗ ಕಚ್ಚಿಕೊಂಡು ಸುಮ್ಮನಾಗುವುದುಂಟು. ನಾನು ಗಾಡಿಯಲ್ಲೇ ಇಟ್ಟು, ಒಳಗಡೆಯ ಸಂದಿಗೆ ಸ್ಪ್ರೇ ಮಾಡಿ ಟಾರ್ಚ್ ಹಿಡಿದೆ. "ಏನೂ ಕಾಣ್ತಿಲ್ವಲ್ಲ ಅಣ್ಣ" ಎಂದರು ಮೇಷ್ಟ್ರು. "ಸ್ವಲ್ಪ ತಡೀರಿ ಸಾರ್, ಟೀ ಕುಡಿಯೋಣ" ಎಂದೆ. ಟೀ ಮುಗಿಯುವಷ್ಟರಲ್ಲಿ ಸಂದಿಯಲ್ಲಿ ಬೆರಳುದ್ದದ ಬಿಳಿ ಗೆರೆ ಎದ್ದಿತ್ತು. ಟೈರ್ ಇಳಿಸಿ ನೋಡಿದರೆ ತುಕ್ಕಿನ ಪದರದ ಮೇಲೆ ಹಳೆಯ ಟೈರಿನ ರಬ್ಬರ್ ಇನ್ನೂ ಅಂಟಿಕೊಂಡಿತ್ತು. ವೈರ್ ಬ್ರಷ್‌ನಿಂದ ಲೋಹ ನುಣುಪಾಗುವ ತನಕ ಉಜ್ಜಿ, ಬೀಡ್ ಸೀಲರ್ ಹಚ್ಚಿ, ಹೊಸ ವಾಲ್ವ್ ಹಾಕಿ ಕೂರಿಸಿದೆವು. ಮುಂದಿನ ವಾರ ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ಅಳೆದಾಗ 33 ಹಾಗೇ ಇತ್ತು.

ರಿಮ್ಮೇ ಸೀಳಿದ್ದರೆ ನೊರೆ ರಬ್ಬರಿಗೆ ತಾಗದೆ ಬರೀ ಲೋಹದ ಮೇಲೆ ಏಳುತ್ತದೆ. ದೊಡ್ಡ ಗುಂಡಿಗೆ ಬಿದ್ದ ನೆನಪಿದ್ದರೆ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿ. ಬಿಚ್ಚಿದ ಚಕ್ರದ ಒಳಮೈಗೆ, ಅಂದರೆ ಬ್ರೇಕಿನ ಕಡೆಗಿರುವ ಭಾಗಕ್ಕೆ, ನೀರು ಹಾಕಿ ನೋಡಿ. ಸೀಳು ಅಲ್ಲೇ ಜಾಸ್ತಿ. ಅಂಚು ಬರೀ ಬಗ್ಗಿದ್ದರೆ ನೊರೆ ಬೀಡ್ ಸಂದಿಯಲ್ಲೇ ಬರುತ್ತದೆ, ಆದರೆ ಕೈಯಾಡಿಸಿದರೆ ಬಗ್ಗಿದ್ದು ತಿಳಿಯುತ್ತದೆ. ಸೀಳಿದ ಅಲಾಯ್‌ಗೆ ಅಂಟು ಹಚ್ಚಿ ಓಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ರಿಮ್ ಬದಲಿಸಿ ಅನ್ನುತ್ತೇನೆ.

ಉಳಿದದ್ದು ನೆಲಕ್ಕೆ ತಾಗುವ ಭಾಗ. ಅಲ್ಲಿ ಗುಳ್ಳೆ ಒಂದೇ ಬಿಂದುವಿನಲ್ಲಿ, ಸಾಮಾನ್ಯವಾಗಿ ಗೀರಿನ ಒಳಗೆ, ಉಬ್ಬಿ ಒಡೆದು ಮತ್ತೆ ಉಬ್ಬುತ್ತದೆ. ಟೈರ್ ನೆಲದ ಮೇಲೆ ಕೂತ ಜಾಗ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಮ್ಮೆ ನೋಡಿದ ಮೇಲೆ ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ಮುಂದೆ ಬಿಟ್ಟು ಮತ್ತೆ ನೋಡಿ. ಮೊಳೆ ಕಂಡರೆ ಕೀಳಬೇಡಿ. ಈಗ ಗಾಳಿ ತಡೆದು ಹಿಡಿದಿರುವುದು ಅದೇ. ಇನ್ನು ಪಕ್ಕದ ಗೋಡೆಯಲ್ಲಿ ಗುಳ್ಳೆ ಕಂಡರೆ ಸ್ಟ್ರಿಪ್ ಹಾಕಿಸುವ ಯೋಚನೆ ಬಿಡಿ. ಆ ಭಾಗ ಪ್ರತಿ ಸುತ್ತಿಗೂ ಬಗ್ಗುತ್ತದೆ, ರಿಪೇರಿ ನಿಲ್ಲುವುದಿಲ್ಲ.

ಜಾಗ ಸಿಕ್ಕ ತಕ್ಷಣ ಬಳಪದಿಂದ ಗುರುತು ಹಾಕಿ, ವಾಲ್ವಿನಿಂದ ಎಷ್ಟು ದೂರ ಅಂತಲೂ ನೋಡಿಕೊಳ್ಳಿ. ಆಮೇಲೆ ಬರೀ ನೀರಿನಿಂದ ಸೋಪು ತೊಳೆಯಿರಿ. ಬಳಪ ಅಳಿಸಿಹೋದರೂ ವಾಲ್ವಿನ ಅಳತೆ ಹೇಳಿದರೆ ಸಾಕು, ಟೈರ್ ಇಳಿಸಿದ ಮೇಲೂ ರಿಮ್ಮಿನ ಮೇಲೆ ಆ ಜಾಗ ನಮಗೆ ಸಿಗುತ್ತದೆ.