ಶುಗರ್ ಬಂದ ನಾಯಿಗೆ ಗುಳಿಗೆ ಸಾಲದೇ?

ಪ್ರಶ್ನೆ: ನಮ್ಮ ನಾಯಿಗೆ ಶುಗರ್ ಅಂದಿದ್ದಾರೆ. ಇಂಜೆಕ್ಷನ್ ಬದಲು ಗುಳಿಗೆ ಕೊಡಬಹುದೇ?

ಉತ್ತರ: ಆಗದು. ಧಾರವಾಡದಲ್ಲಿ ನನ್ನ ಬಳಿ ಬರುವವರಿಗೆಲ್ಲ ಇದನ್ನೇ ಹೇಳಿ ಸಾಕಾಗಿದೆ. ಆದರೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗುಳಿಗೆ ನಂಬಿ ಕೂತವರ ನಾಯಿಗಳು ಕೊನೆಗೆ ವಾಂತಿ ಮಾಡುತ್ತ, ನಿಲ್ಲಲಾಗದ ಸ್ಥಿತಿಯಲ್ಲಿ ಬರುತ್ತವೆ.

ನಡುವಯಸ್ಸು ದಾಟಿದ ಮೇಲೆ ನಮಗೆ ಶುಗರ್ ಬಂದರೆ ಮೈಯಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಇನ್ನೂ ತಯಾರಾಗುತ್ತಿರುತ್ತದೆ. ಗುಳಿಗೆ ಅದನ್ನು ಹೆಚ್ಚಿಸುತ್ತದೆ, ಇಲ್ಲವೇ ಇದ್ದುದನ್ನು ಚೆನ್ನಾಗಿ ದುಡಿಸುತ್ತದೆ. ನಾಯಿಯಲ್ಲಿ ಹಾಗಲ್ಲ. ರೋಗ ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ಇನ್ಸುಲಿನ್ ಮಾಡುವ ಜೀವಕೋಶಗಳು ಬಹುಪಾಲು ನಾಶವಾಗಿರುತ್ತವೆ. ಬತ್ತಿದ ಬಾವಿಗೆ ಎಷ್ಟು ದೊಡ್ಡ ಪಂಪ್ ಕೂರಿಸಿದರೇನು? ಹಾಗಲಕಾಯಿ ರಸ, ಮೆಂತ್ಯದ ನೀರಿಗೂ ಇದೇ ಉತ್ತರ. ಫೇಡೆ ಬಿಡಿಸಿದರೆ ವಾಸಿಯಾಗುತ್ತದೆ ಅನ್ನುವವರಿದ್ದಾರೆ. ಬಿಡಿಸಿ, ಒಳ್ಳೆಯದೇ. ಆದರೆ ಅದರಿಂದ ಸತ್ತ ಜೀವಕೋಶ ಮರಳಿ ಬರುವುದಿಲ್ಲ.

ಮಾಳಮಡ್ಡಿಯ ನಿವೃತ್ತ ಅಕ್ಕಾವ್ರೊಬ್ಬರು ತಮ್ಮ 12 ಕಿಲೋ ತೂಕದ ಹೆಣ್ಣುನಾಯಿ ಚಿನ್ನಿಯನ್ನು ತಂದಿದ್ದರು. "ಡಾಕ್ಟ್ರ, ನನಗೂ ಶುಗರ್ ಐತಿ. ನನ್ನ ಗುಳಿಗೀನ ಅರ್ಧ ಮಾಡಿ ಕೊಟ್ರ ಆಗೂದಿಲ್ಲೇನ್ರಿ? ಸೂಜಿ ಅಂದ್ರ ನನ್ನ ಕೈ ನಡಗತಾವ."

ಅವರಿಗೆ ಮೊದಲು ಮೂಸಂಬಿಗೆ ನೀರು ಚುಚ್ಚಲು ಹೇಳಿದೆ. ಚಿನ್ನಿಗೆ ಇನ್ಸುಲಿನ್ನನ್ನು ಕಿಲೋಗೆ ಕಾಲು ಯೂನಿಟ್‌ನಂತೆ 3 ಯೂನಿಟ್‌ನಿಂದ ಶುರು ಮಾಡಿದೆವು, 12 ತಾಸಿಗೊಮ್ಮೆ, ಊಟ ಮುಗಿದ ಮೇಲೆ. ಬಾಟಲಿಯ ಮೇಲೆ 40 ಅಂತಿದ್ದರೆ, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ ಇದ್ದರೆ, ಸಿರಿಂಜೂ 40ರದ್ದೇ ಇರಬೇಕು. 100ರ ಇನ್ಸುಲಿನ್ನನ್ನು ಅದರಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಮೋಡದಂತಿರುವ ಇನ್ಸುಲಿನ್ ಬಾಟಲಿಯನ್ನು ಸಾಮಾನ್ಯವಾಗಿ ಅಲುಗಾಡಿಸದೆ ಅಂಗೈಗಳ ನಡುವೆ ಹೊರಳಿಸಬೇಕು. ಪಕ್ಕೆಯ ಸಡಿಲು ಚರ್ಮವನ್ನು ಗುಡಾರದಂತೆ ಎತ್ತಿ, ಬುಡದಲ್ಲಿ ಸೂಜಿ ತೂರಿಸಬೇಕು. ಸೂಜಿ ಆಚೆ ಬದಿಗೆ ಹೊರಬಂದರೆ ಕೂದಲು ಒದ್ದೆಯಾಗಿ ಔಷಧದ ವಾಸನೆ ಬರುತ್ತದೆ. ಆಗ ಎಷ್ಟು ಒಳಗೆ ಹೋಯಿತೆಂದು ಗೊತ್ತಾಗುವುದಿಲ್ಲ, ಇನ್ನೊಂದು ಡೋಸ್ ಕೊಡಲೇಬಾರದು. ಒಂದು ಹೊತ್ತು ಸಕ್ಕರೆ ಏರಿದರೆ ತಡೆದುಕೊಳ್ಳಬಹುದು, ತೀರಾ ಇಳಿದರೆ ಜೀವ ಹೋಗಬಹುದು. ನಾಯಿ ಊಟ ಬಿಟ್ಟಿದ್ದರೆ ಚುಚ್ಚುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ತೂರಾಡಿದರೆ, ನಡುಗಿದರೆ ಒಸಡಿಗೆ ಬೆಲ್ಲದ ನೀರು ಸವರಿ, ತಕ್ಷಣ ಹೊರಡಿ.

ಅಕ್ಕಾವ್ರ ಕೈ ಈಗ ನಡುಗುವುದಿಲ್ಲ. ಹೊತ್ತು, ಊಟ, ಯೂನಿಟ್ ಎಲ್ಲ ಹಾಜರಿ ಪುಸ್ತಕದ ಅಚ್ಚುಕಟ್ಟಿನಲ್ಲಿ ಬರೆದಿಟ್ಟು ತರುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಹೆಮ್ಮೆ.

ನೀವು ಕೇಳದ ಒಂದು ಮಾತು. ನಿಮ್ಮದು ಹೆಣ್ಣುನಾಯಿಯೇ? ಸಂತಾನಹರಣ ಆಗಿದೆಯೇ? ಬೆದೆ ಮುಗಿದ ಮೇಲಿನ ವಾರಗಳಲ್ಲಿ ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತದೆ. ಚಿನ್ನಿಗೆ ರೋಗ ಕಂಡದ್ದೂ ಬೆದೆಯ ನಂತರವೇ. ಹೀಗಿದ್ದಾಗ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಬೇಗ ಮಾಡಿಸಿದ ಕೆಲವು ನಾಯಿಗಳಿಗೆ ಇನ್ಸುಲಿನ್ ಬಿಡಿಸಲೂ ಸಾಧ್ಯವಾಗುತ್ತದೆ. ಆದ್ದರಿಂದಲೇ ಆಪರೇಷನ್ ಆದ ಮೇಲೆ ಹಳೆಯ ಡೋಸನ್ನೇ ಮುಂದುವರಿಸದೆ ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಹೊಸದಾಗಿ ಗೊತ್ತು ಮಾಡಿಕೊಳ್ಳಿ.